ತೋಮಾನೋ, ರಿಯಾಲೋ? ಇರಾನಿನ ಬೆಲೆಗಳಲ್ಲಿ ಕಾಣದ ಸೊನ್ನೆಗಳು

ತೆಹರಾನಿನ ಒಂದು ಕಬಾಬ್ ಅಂಗಡಿಯಲ್ಲಿ ಊಟದ ಪಟ್ಟಿ ನೋಡಿದರೆ ತಿನಿಸಿನ ಹೆಸರಿನ ಎದುರು 285 ಎಂದಷ್ಟೇ ಬರೆದಿರಬಹುದು. ಊಟ ಮುಗಿಸಿ ಎಷ್ಟಾಯಿತು ಎಂದು ಕೇಳಿದರೆ ಗಲ್ಲಾದಲ್ಲಿ ಕುಳಿತವರು ‘ಇನ್ನೂರ ಎಂಬತ್ತೈದು ತೋಮಾನ್’ ಎನ್ನುತ್ತಾರೆ. ಗಿರಾಕಿ ಬ್ಯಾಂಕ್ ಕಾರ್ಡ್ ಕೊಟ್ಟಾಗ ಅದೇ ವ್ಯಕ್ತಿ ಕಾರ್ಡ್ ಯಂತ್ರದಲ್ಲಿ 2850000 ಎಂದು ಒತ್ತುತ್ತಾರೆ. ಯಂತ್ರದಿಂದ ಹೊರಬರುವ ಚೀಟಿಯಲ್ಲಿ ಅಚ್ಚಾಗುವುದು 28,50,000 ರಿಯಾಲ್. ಯಾರೂ ಮೋಸ ಮಾಡಿಲ್ಲ, ಯಾರೂ ಮೋಸ ಹೋಗಿಲ್ಲ. ಪಟ್ಟಿಯಲ್ಲಿದ್ದದ್ದು, ಬಾಯಲ್ಲಿ ಬಂದದ್ದು, ಚೀಟಿಯಲ್ಲಿ ಅಚ್ಚಾದದ್ದು ಎಲ್ಲವೂ ಒಂದೇ ಮೊತ್ತ.

ಇರಾನಿನವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಪೇಟೆಯಲ್ಲಿ ಬೆಳೆದ ಮಗುವಿಗೂ ಎಲ್ಲಿ ಎಷ್ಟು ಸೊನ್ನೆ ಸೇರಿಸಬೇಕು, ಎಲ್ಲಿ ಬಿಡಬೇಕು ಎಂಬುದು ತಾನಾಗಿ ಗೊತ್ತಿರುತ್ತದೆ. ಕಷ್ಟವಾಗುವುದು ಹೊರಗಿನವರಿಗೆ. ಅದರಲ್ಲೂ ಫಾರ್ಸಿಯ ಸುದ್ದಿ, ಕರಾರು, ಕೋರ್ಟಿನ ಕಾಗದ ಅಥವಾ ಸಿನಿಮಾ ಸಂಭಾಷಣೆಯನ್ನು ಬೇರೆ ಭಾಷೆಗೆ ತರುವವರಿಗೆ ಈ ಕಷ್ಟ ಹೆಚ್ಚು. ಒಂದು ಸೊನ್ನೆ ತಪ್ಪಿದರೆ ಮೊತ್ತ ಹತ್ತು ಪಟ್ಟು ಏರುತ್ತದೆ ಅಥವಾ ಹತ್ತನೇ ಒಂದಕ್ಕೆ ಇಳಿಯುತ್ತದೆ. ನಾಲ್ಕು ಸೊನ್ನೆ ತಪ್ಪಿದರೆ ಹತ್ತು ಸಾವಿರ ಪಟ್ಟು. ಆದರೂ ವಾಕ್ಯ ಓದುವುದಕ್ಕೆ ಸರಿಯಾಗಿಯೇ ಇರುವುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕಾನೂನಿನಲ್ಲಿಲ್ಲದ ಹಣ

ಇರಾನಿನ ಅಧಿಕೃತ ಹಣ ರಿಯಾಲ್. ನೋಟಿನ ಮೇಲೆ, ಚೆಕ್ಕಿನ ಮೇಲೆ, ಬ್ಯಾಂಕಿನ ಲೆಕ್ಕದಲ್ಲಿ ಇರುವುದು ಅದೇ. ತೋಮಾನ್ ಎಂದರೆ ಹತ್ತು ರಿಯಾಲ್. ಆದರೆ ತೊಂಬತ್ತಕ್ಕೂ ಹೆಚ್ಚು ವರ್ಷಗಳಿಂದ ‘ತೋಮಾನ್’ ಎಂದು ಅಚ್ಚಾದ ನೋಟು ಹೊರಬಂದಿಲ್ಲ. ಹಾಗಿದ್ದೂ ದೇಶದ ಜನ ಮಾತಾಡುವುದು, ಚೌಕಾಸಿ ಮಾಡುವುದು, ಸಂಬಳ ಹೇಳುವುದು ತೋಮಾನ್‌ನಲ್ಲೇ.

ಇದು ಹೇಗಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತುರ್ಕಿ ಮತ್ತು ಮಂಗೋಲ್ ಭಾಷೆಗಳಲ್ಲಿ ಹತ್ತು ಸಾವಿರಕ್ಕಿದ್ದ ಹೆಸರಿನಿಂದ ತೋಮಾನ್ ಬಂದಿದೆ. ಹಣದ ಲೆಕ್ಕದಲ್ಲಿ ಹತ್ತು ಸಾವಿರ ದಿನಾರ್ ಸೇರಿದರೆ ಒಂದು ತೋಮಾನ್. 1825ರಲ್ಲಿ, ಖಾಜಾರ್ ದೊರೆ ಫತ್ ಅಲಿ ಶಾ ಕಾಲದಲ್ಲಿ, ಕಿರಾನ್ ಎಂಬ ಬೆಳ್ಳಿ ನಾಣ್ಯ ಬಂತು. ಅದರ ಬೆಲೆ ಸಾವಿರ ದಿನಾರ್. ಹಾಗಾಗಿ ಹತ್ತು ಕಿರಾನ್‌ಗೆ ಒಂದು ತೋಮಾನ್ ಎಂಬ ಲೆಕ್ಕ ಪೇಟೆಯಲ್ಲಿ ಗಟ್ಟಿಯಾಯಿತು. 1889ರಲ್ಲಿ ಸನ್ನದು ಪಡೆದ ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಷಿಯಾ ಹೊರತಂದ ಕಾಗದದ ನೋಟುಗಳೂ ತೋಮಾನ್‌ನಲ್ಲೇ ಇದ್ದವು.

1930ರ ದಶಕದ ಆರಂಭದಲ್ಲಿ ರೆಜಾ ಶಾ ಸರ್ಕಾರ ಹಣದ ವ್ಯವಸ್ಥೆಯನ್ನು ಬದಲಿಸಿತು. ಕಿರಾನ್ ಹೋಗಿ ಅದೇ ಬೆಲೆಗೆ ರಿಯಾಲ್ ಬಂತು. 1932ರಿಂದ ರಿಯಾಲ್ ನೋಟುಗಳು ಚಲಾವಣೆಗೆ ಬಂದವು. ಕಾಗದದ ಮೇಲಿಂದ ತೋಮಾನ್ ಮರೆಯಾಯಿತು. ಆದರೆ ಹತ್ತು ಕಿರಾನ್ ಇದ್ದ ಜಾಗದಲ್ಲಿ ಹತ್ತು ರಿಯಾಲ್ ಬಂದಿದ್ದರಿಂದ ಜನರ ಬಾಯಲ್ಲಿ ಅದು ಹಾಗೆಯೇ ಉಳಿಯಿತು. ನಮ್ಮಲ್ಲಿ 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂದ ಮೇಲೂ ಇಪ್ಪತ್ತೈದು ಪೈಸೆಯನ್ನು ‘ನಾಲ್ಕಾಣೆ’, ಐವತ್ತು ಪೈಸೆಯನ್ನು ‘ಎಂಟಾಣೆ’ ಎಂದು ಕರೆಯುವ ರೂಢಿ ದಶಕಗಳ ಕಾಲ ನಿಂತಿತಲ್ಲ, ಹಾಗೆ. ವ್ಯತ್ಯಾಸವಿಷ್ಟೇ: ನಮ್ಮ ಆಣೆ ಚಿಲ್ಲರೆಯ ಮಾತಾಗಿ ಉಳಿಯಿತು, ಇರಾನಿನ ತೋಮಾನ್ ಇಡೀ ಪೇಟೆಯನ್ನೇ ಆಳುತ್ತಿದೆ.

ಅದಕ್ಕೆ ಬೆಲೆಯೇರಿಕೆಯೂ ನೆರವಾಯಿತು. 1979ರ ಕ್ರಾಂತಿಯ ಹೊತ್ತಿಗೆ ಒಂದು ಡಾಲರ್‌ಗೆ ಸುಮಾರು 70 ರಿಯಾಲ್, ಎಂದರೆ 7 ತೋಮಾನ್ ಇತ್ತು. ಆ ‘ಏಳು ತೋಮಾನಿನ ಡಾಲರ್’ ಇರಾನಿನಲ್ಲಿ ಇಂದಿಗೂ ಹಳೆಯ ಅಗ್ಗದ ದಿನಗಳನ್ನು ನೆನೆಯುವ ಮಾತು. 2018ರ ಏಪ್ರಿಲ್‌ನಲ್ಲಿ ಸರ್ಕಾರ ಡಾಲರ್‌ಗೆ 4,200 ತೋಮಾನ್ ಎಂಬ ಅಧಿಕೃತ ದರ ನಿಗದಿ ಮಾಡಿತು. ರಿಯಾಲ್‌ನಲ್ಲಿ ಅದು 42,000. ಹೀಗೆ ಅಂಕಿ ದೊಡ್ಡದಾದಂತೆಲ್ಲ ಒಂದು ಸೊನ್ನೆ ಕಡಿಮೆ ಹೇಳುವ ಅನುಕೂಲವನ್ನು ಜನ ಬಿಡಲಿಲ್ಲ.

ಎಲ್ಲಿ ಯಾವುದು?

ಸಾಮಾನ್ಯ ನಿಯಮ ಸರಳವಾಗಿದೆ. ಕಾನೂನಿಗೆ, ಬ್ಯಾಂಕಿಗೆ ಸೇರಿದ್ದೆಲ್ಲ ರಿಯಾಲ್. ಚೆಕ್, ಎಟಿಎಂ, ಕಾರ್ಡ್ ಯಂತ್ರದ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ತೆರಿಗೆಯ ನಮೂನೆ, ನೋಂದಾಯಿತ ಕರಾರು, ಕೋರ್ಟಿನ ತೀರ್ಪು ಎಲ್ಲವೂ ಇದರಲ್ಲಿ ಬರುತ್ತವೆ. ಕಾರ್ಖಾನೆಯಿಂದ ಬರುವ ಪೊಟ್ಟಣದ ಮೇಲಿನ ಬೆಲೆಯೂ ಹೆಚ್ಚಾಗಿ ರಿಯಾಲ್‌ನಲ್ಲೇ ಇರುತ್ತದೆ. ಅಂಗಡಿಯ ಹಲಗೆ, ಟ್ಯಾಕ್ಸಿ ಬಾಡಿಗೆ, ಆನ್‌ಲೈನ್ ಮಾರಾಟದ ತಾಣ, ಪತ್ರಿಕೆಯ ಸುದ್ದಿ, ಮನೆಮಾತು ಇವೆಲ್ಲ ತೋಮಾನ್‌ನ ಕಡೆಗೆ.

ಆದರೆ ಒಂದೇ ವಸ್ತು ಎರಡೂ ಕಡೆ ಓಡಾಡುವಾಗ ಘಟಕ ಬದಲಾಗುತ್ತದೆ. ಮಾರಾಟದ ತಾಣದಲ್ಲಿ ಬೆಲೆ ತೋಮಾನ್‌ನಲ್ಲಿರುತ್ತದೆ. ಹಣ ಪಾವತಿಸಲು ಗುಂಡಿ ಒತ್ತಿ ಬ್ಯಾಂಕಿನ ಪುಟಕ್ಕೆ ಹೋದರೆ ಅದೇ ಬೆಲೆ ರಿಯಾಲ್ ಆಗಿ, ಒಂದು ಸೊನ್ನೆ ಹೆಚ್ಚಾಗಿ ಕಾಣಿಸುತ್ತದೆ. ತಂತ್ರಾಂಶ ಬರೆಯುವವರಿಗೂ ಇದು ತಲೆನೋವು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇರಾನಿ ರಿಯಾಲ್‌ಗೆ IRR ಎಂಬ ಸಂಕೇತವಿದೆ. ತೋಮಾನ್ ಅಧಿಕೃತ ಹಣವಲ್ಲದ್ದರಿಂದ ಅದಕ್ಕೆ ಸಂಕೇತವಿಲ್ಲ. ರೂಢಿಯಲ್ಲಿ IRT ಎಂದು ಬಳಸುತ್ತಾರೆ. ಒಂದು ಕಡೆ IRT ಎಂದು ಇಟ್ಟ ಅಂಕಿಯನ್ನು ಇನ್ನೊಂದು ಕಡೆ IRR ಎಂದು ಓದಿಕೊಂಡರೆ ಸಾವಿರ ತೋಮಾನಿನ ವಸ್ತು ನೂರು ತೋಮಾನಿಗೆ ಮಾರಾಟವಾಗಿಬಿಡುತ್ತದೆ.

ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. 2019ರ ನವೆಂಬರ್‌ನಲ್ಲಿ ಇರಾನ್ ಸರ್ಕಾರ ರಾತ್ರೋರಾತ್ರಿ ಪೆಟ್ರೋಲ್ ಬೆಲೆ ಏರಿಸಿದಾಗ ದೇಶದಾದ್ಯಂತ ಪ್ರತಿಭಟನೆಗಳು ನಡೆದವು. ಖಾಸಗಿ ಕಾರಿಗೆ ತಿಂಗಳಿಗೆ 60 ಲೀಟರ್‌ವರೆಗೆ ಲೀಟರ್‌ಗೆ 1,500 ತೋಮಾನ್, ಅದರಾಚೆಗೆ 3,000 ತೋಮಾನ್ ಎಂದು ಫಾರ್ಸಿ ಪತ್ರಿಕೆಗಳು ಬರೆದವು. ವಿದೇಶಿ ಸುದ್ದಿಸಂಸ್ಥೆಗಳು ಅದನ್ನೇ 15,000 ರಿಯಾಲ್ ಮತ್ತು 30,000 ರಿಯಾಲ್ ಎಂದು ಕೊಟ್ಟವು. ಎರಡೂ ಸರಿ. ಆದರೆ ಎರಡೂ ಮೂಲಗಳನ್ನು ಮುಂದಿಟ್ಟುಕೊಂಡು ವರದಿ ಮಾಡುವವರು ಹೊಸ ಬೆಲೆಯನ್ನು ಒಂದರಿಂದಲೂ ಹಳೆಯ ಬೆಲೆಯನ್ನು ಇನ್ನೊಂದರಿಂದಲೂ ತೆಗೆದುಕೊಂಡರೆ ಎಡವಟ್ಟಾಗುತ್ತದೆ. ಹಳೆಯ ಬೆಲೆ ಲೀಟರ್‌ಗೆ 1,000 ತೋಮಾನ್ ಇತ್ತು. ‘1,000ದಿಂದ 15,000ಕ್ಕೆ’ ಎಂದು ಬರೆದರೆ ಹದಿನೈದು ಪಟ್ಟು ಏರಿಕೆಯಂತೆ ಕಾಣುತ್ತದೆ. ನಿಜವಾಗಿ ಮೊದಲ 60 ಲೀಟರ್‌ಗೆ ಆದದ್ದು ಒಂದೂವರೆ ಪಟ್ಟು.

ನುಂಗಿಹೋದ ಸಾವಿರ

ಹತ್ತರಿಂದ ಗುಣಿಸುವುದಷ್ಟೇ ಆಗಿದ್ದರೆ ಸಮಸ್ಯೆ ಇಲ್ಲಿಗೇ ಮುಗಿಯುತ್ತಿತ್ತು. ಮೇಲಿನ ಕಬಾಬ್ ಅಂಗಡಿಯಲ್ಲಿ ಪಟ್ಟಿಯ 285ಕ್ಕೂ ಯಂತ್ರದ 28,50,000ಕ್ಕೂ ನಡುವೆ ಇದ್ದದ್ದು ಒಂದಲ್ಲ, ನಾಲ್ಕು ಸೊನ್ನೆ. ಒಂದು ಸೊನ್ನೆ ತೋಮಾನ್‌ನಿಂದ ರಿಯಾಲ್‌ಗೆ ಹೋಗುವಾಗ ಬಂದದ್ದು. ಉಳಿದ ಮೂರು, ಮಾತಿನಲ್ಲಿ ನುಂಗಿಹೋದ ‘ಸಾವಿರ’. 285 ತೋಮಾನ್ ಎಂದಾಗ ಹೇಳುವವರ ಮನಸ್ಸಿನಲ್ಲೂ ಕೇಳುವವರ ಮನಸ್ಸಿನಲ್ಲೂ ಇರುವುದು 2,85,000 ತೋಮಾನ್. ಕೆಲವು ಹೋಟೆಲುಗಳು ಪಟ್ಟಿಯ ಕೆಳಗೆ ‘ಬೆಲೆಗಳು ಸಾವಿರ ತೋಮಾನ್‌ಗಳಲ್ಲಿ’ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತವೆ. ಎಷ್ಟೋ ಕಡೆ ಅದೂ ಇರುವುದಿಲ್ಲ.

ನುಂಗಿಹೋಗುವುದು ಯಾವಾಗಲೂ ಸಾವಿರವೇ ಎಂದೂ ಹೇಳುವಂತಿಲ್ಲ. ‘ಬಿಸ್ತ್ ತೊಮನ್’, ಎಂದರೆ ಇಪ್ಪತ್ತು ತೋಮಾನ್, ಎಂಬ ಮಾತನ್ನೇ ನೋಡಿ. ತರಕಾರಿ ಅಂಗಡಿಯಲ್ಲಿ ಅದು 20 ಸಾವಿರ ತೋಮಾನ್. ಸಂಬಳದ ಮಾತು ನಡೆಯುವಾಗ 20 ಮಿಲಿಯನ್, ನಮ್ಮ ಲೆಕ್ಕದಲ್ಲಿ 2 ಕೋಟಿ ತೋಮಾನ್. ತೆಹರಾನಿನ ಉತ್ತರ ಭಾಗದಲ್ಲಿ ಮನೆ ಕೊಳ್ಳುವವರ ನಡುವೆ ಅದೇ ಮಾತು 20 ಮಿಲ್ಯಾರ್ದ್, ಎಂದರೆ 2,000 ಕೋಟಿ ತೋಮಾನ್ ಆಗುತ್ತದೆ. ಪದ ಒಂದೇ, ಅರ್ಥ ಮೂರು. ಯಾವುದರ ಬೆಲೆ ಎಂಬುದು ಗೊತ್ತಿಲ್ಲದೆ ಈ ಮಾತನ್ನು ಅನುವಾದಿಸಲು ಸಾಧ್ಯವೇ ಇಲ್ಲ.

ಇಲ್ಲಿ ಕನ್ನಡಕ್ಕೇ ಸೇರಿದ ಇನ್ನೊಂದು ಕೆಲಸವೂ ಇದೆ. ಫಾರ್ಸಿಯವರು ಮಿಲಿಯನ್, ಮಿಲ್ಯಾರ್ದ್ ಎಂದು ಎಣಿಸುತ್ತಾರೆ, ನಾವು ಲಕ್ಷ, ಕೋಟಿ ಎಂದು. ಮಿಲಿಯನ್ ಎಂದರೆ 10 ಲಕ್ಷ. ಮಿಲ್ಯಾರ್ದ್ ಎಂದರೆ ಸಾವಿರ ಮಿಲಿಯನ್, ಅದು 100 ಕೋಟಿ. ಬಜೆಟ್ ಸುದ್ದಿಗಳಲ್ಲಿ ‘ಹೆಮ್ಮತ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಫಾರ್ಸಿಯಲ್ಲಿ ‘ಸಾವಿರ ಮಿಲ್ಯಾರ್ದ್ ತೋಮಾನ್’ ಎಂಬುದರ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಪದ ಇದು. ಒಂದು ಹೆಮ್ಮತ್ ಎಂದರೆ 1 ಲಕ್ಷ ಕೋಟಿ ತೋಮಾನ್, ರಿಯಾಲ್‌ನಲ್ಲಿ 10 ಲಕ್ಷ ಕೋಟಿ. ತೋಮಾನ್ ಆ ಪದದೊಳಗೇ ಅಡಗಿರುವುದರಿಂದ ‘5 ಹೆಮ್ಮತ್ ರಿಯಾಲ್’ ಎಂದು ಬರೆಯಲು ಬರುವುದಿಲ್ಲ.

ಅಂಕಿಗಳ ಆಕಾರದ ಬಗ್ಗೆಯೂ ಎಚ್ಚರ ಬೇಕು. ಫಾರ್ಸಿಯ ಐದು (۵) ತಲೆಕೆಳಗಾದ ಹೃದಯದಂತೆ ದುಂಡಗಿರುತ್ತದೆ. ಸೊನ್ನೆ (۰) ಒಂದು ಪುಟ್ಟ ಚುಕ್ಕೆಯಷ್ಟೇ. ದುಂಡಗಿನ ಸೊನ್ನೆಗೆ ಒಗ್ಗಿದ ಕಣ್ಣು ಐದನ್ನು ಸೊನ್ನೆಯೆಂದೂ ಸೊನ್ನೆಯನ್ನು ಅಲ್ಪವಿರಾಮದಂಥ ಗುರುತೆಂದೂ ಓದಿಬಿಡಬಹುದು. ಇನ್ನು ಓರೆಗೆರೆ. ‘۱/۵ ಮಿಲ್ಯಾರ್ದ್’ ಎಂದರೆ ಐದನೇ ಒಂದು ಭಾಗವಲ್ಲ, ಒಂದೂವರೆ ಮಿಲ್ಯಾರ್ದ್. ಅಲ್ಲಿ ಓರೆಗೆರೆ ದಶಮಾಂಶದ ಚುಕ್ಕೆಯ ಕೆಲಸ ಮಾಡುತ್ತದೆ. ಕೈಬರಹದ ಬೆಲೆಪಟ್ಟಿಯಲ್ಲಾದರೆ ಅದೇ ಗೆರೆ ಸಾವಿರವನ್ನು ಬೇರ್ಪಡಿಸುವ ಗುರುತಾಗುತ್ತದೆ. ‘۲۸۵/۰۰۰’ ಎಂದರೆ 2,85,000. ಗೆರೆಯ ಬಲಕ್ಕೆ ಮೂರು ಅಂಕಿಗಳಿದ್ದರೆ ಅದು ಹೆಚ್ಚಾಗಿ ಸಾವಿರದ ಗುರುತು. ಒಂದೋ ಎರಡೋ ಅಂಕಿಗಳಿದ್ದು ಮುಂದೆ ಮಿಲಿಯನ್ ಅಥವಾ ಮಿಲ್ಯಾರ್ದ್ ಎಂಬ ಪದ ಬಂದರೆ ದಶಮಾಂಶ.

ಒಂದು ಮೊತ್ತದ ಜೊತೆಗೆ ಕೊನೆಯವರೆಗೆ

ಇದನ್ನೆಲ್ಲ ಒಂದು ನಿಜವಾದ ಅಂಕಿಯ ಮೇಲೆ ನಡೆಸಿ ನೋಡೋಣ. ಇರಾನಿನ ಕಾನೂನಿನಲ್ಲಿ ‘ದಿಯೆ’ ಎಂಬ ಪರಿಹಾರಧನವಿದೆ. ಅಪಘಾತದಲ್ಲಿ ಯಾರಾದರೂ ಸತ್ತರೆ ತಪ್ಪಿತಸ್ಥರು ಅಥವಾ ಅವರ ವಿಮಾ ಕಂಪನಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಮೊತ್ತ ಅದು. ನ್ಯಾಯಾಂಗ ಪ್ರತಿವರ್ಷ ಅದರ ಪ್ರಮಾಣವನ್ನು ಪ್ರಕಟಿಸುತ್ತದೆ. ವಾಹನ ವಿಮೆಯ ಕಂತು ಅದನ್ನೇ ಆಧರಿಸುವುದರಿಂದ ಇರಾನಿನ ಪ್ರತಿ ಕಾರು ಮಾಲೀಕರೂ ಈ ಅಂಕಿಗಾಗಿ ಕಾಯುತ್ತಾರೆ.

ಇರಾನಿ ವರ್ಷ 1402ಕ್ಕೆ, ಅಂದರೆ 2023ರ ಮಾರ್ಚ್ 21ರಿಂದ ಆರಂಭವಾದ ವರ್ಷಕ್ಕೆ, ದಿಯೆ 900 ಮಿಲಿಯನ್ ತೋಮಾನ್ ಎಂದು ಪತ್ರಿಕೆಗಳು ಬರೆದವು. ಕಾನೂನಿನ ಘಟಕದಲ್ಲಿ ಅದು 9 ಮಿಲ್ಯಾರ್ದ್ ರಿಯಾಲ್. ಕನ್ನಡಕ್ಕೆ ತರುವವರ ಮುಂದೆ ಈಗ 900 ಮತ್ತು 9 ಎಂಬ ಎರಡು ಅಂಕಿಗಳೂ ಮಿಲಿಯನ್ ಮತ್ತು ಮಿಲ್ಯಾರ್ದ್ ಎಂಬ ಎರಡು ಎಣಿಕೆಯ ಪದಗಳೂ ತೋಮಾನ್ ಮತ್ತು ರಿಯಾಲ್ ಎಂಬ ಎರಡು ಘಟಕಗಳೂ ಇವೆ.

ಮೊದಲ ಹೆಜ್ಜೆ, ಘಟಕಕ್ಕೆ ಕೈ ಹಾಕದೆ ಎಣಿಕೆಯನ್ನಷ್ಟೇ ಬದಲಿಸುವುದು. 900 ಮಿಲಿಯನ್ ತೋಮಾನ್ ಎಂದರೆ 900 ಸಲ 10 ಲಕ್ಷ, ಅದು 90 ಕೋಟಿ ತೋಮಾನ್. 9 ಮಿಲ್ಯಾರ್ದ್ ರಿಯಾಲ್ ಎಂದರೆ 9 ಸಲ 100 ಕೋಟಿ, ಅದು 900 ಕೋಟಿ ರಿಯಾಲ್. ಎರಡನೇ ಹೆಜ್ಜೆ, ಎರಡನ್ನೂ ಎದುರುಬದುರು ಇಟ್ಟು ನೋಡುವುದು. 90 ಕೋಟಿಯನ್ನು ಹತ್ತರಿಂದ ಗುಣಿಸಿದರೆ 900 ಕೋಟಿ. ತಾಳೆಯಾಯಿತು. ಈ ಎರಡು ಹೆಜ್ಜೆಗಳನ್ನು ಒಟ್ಟಿಗೆ ಇಡಹೋದಾಗಲೇ ಹೆಚ್ಚಿನ ತಪ್ಪುಗಳಾಗುವುದು. ‘900 ಮಿಲಿಯನ್ ತೋಮಾನ್’ ಎಂಬುದರ 900 ಕಣ್ಣಲ್ಲಿ ಉಳಿದಿರುತ್ತದೆ, ‘900 ಕೋಟಿ ರಿಯಾಲ್’ ಎಂಬುದರ 900 ಕೂಡ ಹಾಗೆಯೇ. ಕೊನೆಗೆ ಕಾಗದದ ಮೇಲೆ ‘900 ಕೋಟಿ ತೋಮಾನ್’ ಎಂದು ಇಳಿದುಬಿಡುತ್ತದೆ. ಅದು ನಿಜವಾದ ಮೊತ್ತದ ಹತ್ತು ಪಟ್ಟು.

ತಾಳೆ ನೋಡಲು ಇನ್ನೊಂದು ದಾರಿಯೂ ಇದೆ. ರಜಬ್, ದುಲ್‌ಖಅದ, ದುಲ್‌ಹಿಜ್ಜ, ಮೊಹರಂ ಎಂಬ ನಾಲ್ಕು ಪವಿತ್ರ ತಿಂಗಳುಗಳಲ್ಲಿ ಸಾವು ಸಂಭವಿಸಿದರೆ ದಿಯೆ ಮೂರನೇ ಒಂದರಷ್ಟು ಹೆಚ್ಚುತ್ತದೆ. ಹಾಗಾಗಿ 1402ರಲ್ಲಿ ಆ ತಿಂಗಳುಗಳ ಮೊತ್ತ 120 ಕೋಟಿ ತೋಮಾನ್, ರಿಯಾಲ್‌ನಲ್ಲಿ 1,200 ಕೋಟಿ. ಒಂದೇ ಸುದ್ದಿಯಲ್ಲಿ ಸಾಮಾನ್ಯ ಮೊತ್ತವೂ ಪವಿತ್ರ ತಿಂಗಳಿನ ಮೊತ್ತವೂ ಇದ್ದು ಅವುಗಳ ಅನುಪಾತ ಮೂರಕ್ಕೆ ನಾಲ್ಕು ಇಲ್ಲದಿದ್ದರೆ, ಎರಡರಲ್ಲಿ ಒಂದನ್ನು ಯಾರೋ ಬೇರೆ ಘಟಕದಿಂದ ತೆಗೆದುಕೊಂಡಿದ್ದಾರೆ ಎಂದೇ ಅರ್ಥ.

ಕೊನೆಯ ಹೆಜ್ಜೆ, ಯಾವುದನ್ನು ಬರೆಯಬೇಕು ಎಂಬ ತೀರ್ಮಾನ. ಕೋರ್ಟಿನ ಕಾಗದವನ್ನೋ ಕರಾರನ್ನೋ ಅನುವಾದಿಸುವುದಾದರೆ ಮೂಲದಲ್ಲಿರುವ ಘಟಕವನ್ನು ಮುಟ್ಟಬಾರದು. ‘900 ಕೋಟಿ ಇರಾನಿ ರಿಯಾಲ್’ ಎಂದು ಬರೆದು, ಓದುವವರ ಅನುಕೂಲಕ್ಕೆ ಬೇಕಿದ್ದರೆ ಆವರಣದಲ್ಲಿ ‘90 ಕೋಟಿ ತೋಮಾನ್’ ಎಂದು ಸೇರಿಸಬಹುದು. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತಾರೆ. ಅನುವಾದದಲ್ಲೂ ಎರಡನ್ನೂ ಕೊಟ್ಟರೆ ಒಂದು ಸೊನ್ನೆ ಜಾರಿದರೂ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಮೂಲದಲ್ಲಿ ಘಟಕವೇ ಇಲ್ಲದೆ ಬರೀ ಅಂಕಿ ಇದ್ದರೆ ಊಹಿಸಿ ತುಂಬುವುದು ಅನುವಾದಕರ ಕೆಲಸವಲ್ಲ. ಕಾಗದ ಕೊಟ್ಟವರನ್ನು ಕೇಳಿಯೇ ಬರೆಯಬೇಕು.

ಸುದ್ದಿಯದು ಬೇರೆ ದಾರಿ. ಒಂದು ಲೇಖನದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಘಟಕ ಇರಬೇಕು. ಮೊದಲ ಬಾರಿ ಮೊತ್ತ ಬಂದಾಗ ‘ಒಂದು ತೋಮಾನ್ ಎಂದರೆ ಹತ್ತು ರಿಯಾಲ್’ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು. ಮೂಲಗಳು ಬೆರೆತಿದ್ದರೆ ಎಲ್ಲವನ್ನೂ ಮೊದಲು ಒಂದೇ ಘಟಕಕ್ಕೆ ತಂದು, ಆಮೇಲೆ ಬರೆಯಲು ಕೂರುವುದು ಒಳ್ಳೆಯದು.

ಹೊಂಬಣ್ಣದ ಮೀನಿನ ಬೆಲೆ

ಸಿನಿಮಾ ಮತ್ತು ಕಥೆಗಳಲ್ಲಿ ಲೆಕ್ಕಕ್ಕಿಂತ ಕಿವಿಗೆ ಹೆಚ್ಚು ಕೆಲಸ. ಜಾಫರ್ ಪನಾಹಿಯವರ 1995ರ ‘ದಿ ವೈಟ್ ಬಲೂನ್’ ಚಿತ್ರದ ಕಥೆ ಇಡಿಯಾಗಿ ನಡೆಯುವುದು ಒಂದು ನೋಟಿನ ಸುತ್ತ. ಹೊಸವರ್ಷಕ್ಕೆ ಕೆಲವೇ ಗಂಟೆಗಳಿರುವಾಗ ರಜಿಯೆ ಎಂಬ ಪುಟ್ಟ ಹುಡುಗಿಗೆ ದಪ್ಪನೆಯ ಹೊಂಬಣ್ಣದ ಮೀನೊಂದು ಬೇಕು. ಬೆಲೆ ನೂರು ತೋಮಾನ್. ತಾಯಿ ಕೈಯಲ್ಲಿ ಉಳಿದಿದ್ದ ಐನೂರು ತೋಮಾನಿನ ನೋಟನ್ನು ಕೊಟ್ಟು ಕಳಿಸುತ್ತಾಳೆ. ಹಾವಾಡಿಗರ ಕೈಗೆ ಸಿಕ್ಕಿಬೀಳುವ, ಕೊನೆಗೆ ಅಂಗಡಿಯ ಮುಂದಿನ ಜಾಲರಿಯೊಳಗೆ ಜಾರಿ ಬೀಳುವ ನೋಟು ಅದೇ.

‘ಐನೂರು ತೋಮಾನ್’ ಎಂದು ಎಲ್ಲರೂ ಕರೆಯುವ ನೋಟಿನ ಮೇಲೆ ಅಚ್ಚಾಗಿರುವುದು 5,000 ರಿಯಾಲ್. ಉಪಶೀರ್ಷಿಕೆ ಬರೆಯುವವರು ಇಲ್ಲಿ ರಿಯಾಲ್ ಹಾಕಿದರೆ ಲೆಕ್ಕ ಸರಿಯಿದ್ದರೂ ಮಾತು ಸುಳ್ಳಾಗುತ್ತದೆ. ಆ ಹುಡುಗಿಯೂ ಅವಳ ಅಣ್ಣನೂ ಮೀನಿನಂಗಡಿಯವರೂ ರಿಯಾಲ್ ಎಂದು ಹೇಳುವವರಲ್ಲ. ಪಾತ್ರಗಳು ತೋಮಾನ್ ಎಂದರೆ ಕನ್ನಡದಲ್ಲೂ ತೋಮಾನ್ ಎಂದೇ ಇರಬೇಕು. ನೋಟಿನ ಮೇಲಿನ ಅಂಕಿ ತೆರೆಯ ಮೇಲೆ ದೊಡ್ಡದಾಗಿ ಕಾಣುವ ದೃಶ್ಯವಿದ್ದರೆ ಮಾತ್ರ ವಿವರಣೆ ಬೇಕಾಗುತ್ತದೆ. ಇನ್ನೊಂದು ವಿಷಯವೂ ಇದೆ. ಆ ಚಿತ್ರದ ನೂರು ತೋಮಾನ್ ನಿಜವಾಗಿಯೂ ನೂರೇ, ಅಲ್ಲಿ ಸಾವಿರ ನುಂಗಿಹೋಗಿಲ್ಲ. ಇಂದಿನ ರೂಢಿಯನ್ನು ಮೂವತ್ತು ವರ್ಷ ಹಿಂದಿನ ಸಂಭಾಷಣೆಗೆ ಅಂಟಿಸಿದರೆ ಮೀನಿನ ಬೆಲೆ ಲಕ್ಷ ತೋಮಾನ್ ಆಗುತ್ತದೆ!

ಇನ್ನೂ ಹಳೆಯ ಕಥೆಗಳಲ್ಲಿ ನಾಣ್ಯಗಳ ಅಡ್ಡಹೆಸರುಗಳು ಬರುತ್ತವೆ. ‘ದೋಜ಼ಾರಿ’ ಎಂದರೆ ‘ಎರಡು ಸಾವಿರದ್ದು’. ಆದರೆ ಅದು ಎರಡು ಸಾವಿರ ರಿಯಾಲ್ ಅಲ್ಲ, ಎರಡು ರಿಯಾಲ್‌ನ ನಾಣ್ಯ. ಆ ಎರಡು ಸಾವಿರ, ಕಿರಾನ್ ಕಾಲದ ದಿನಾರ್ ಲೆಕ್ಕದಿಂದ ಉಳಿದದ್ದು. ‘ಪಂಜ್‌ಜ಼ಾರಿ’ ಐದು ರಿಯಾಲ್‌ನದು, ‘ದಹ್ ಶಾಹಿ’ ಅರ್ಧ ರಿಯಾಲ್‌ನದು. ಹೆಸರನ್ನು ಪದಶಃ ಬಿಡಿಸಿದರೆ ಒಬ್ಬ ಬಡ ಹುಡುಗನ ಜೇಬಿನ ಚಿಲ್ಲರೆ ಸಾವಿರಗಟ್ಟಲೆ ಹಣವಾಗಿಬಿಡುತ್ತದೆ.

ರೂಪಾಯಿಗೆ ತರುವಾಗ

ಓದುಗರಿಗೆ ಅಂದಾಜು ಸಿಗಲೆಂದು ರೂಪಾಯಿಯಲ್ಲಿ ಹೇಳುವುದು ಪತ್ರಿಕೆಗಳ ಪದ್ಧತಿ. ಇರಾನಿನ ವಿಷಯದಲ್ಲಿ ಅದಕ್ಕೆ ಮುನ್ನ ಯಾವ ದಿನದ ದರ, ಯಾವ ಪೇಟೆಯ ದರ ಎಂಬುದನ್ನು ನೋಡಬೇಕು. 2018ರಲ್ಲಿ ಅಧಿಕೃತ ದರ ಡಾಲರ್‌ಗೆ 4,200 ತೋಮಾನ್ ಇದ್ದರೂ ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಮುಕ್ತ ಪೇಟೆಯಲ್ಲಿ ಡಾಲರ್ 10,000 ತೋಮಾನ್ ದಾಟಿತ್ತು. ಅಂತರಜಾಲದ ಪರಿವರ್ತಕಗಳು ಕೆಲವೊಮ್ಮೆ ಅಧಿಕೃತ ದರವನ್ನೇ ತೋರಿಸುತ್ತವೆ. ಜನರ ಸಂಬಳ, ಬಾಡಿಗೆಗಳನ್ನು ಆ ದರದಲ್ಲಿ ರೂಪಾಯಿಗೆ ತಂದರೆ ಇರಾನಿನ ಬಡವರೂ ಸಾಹುಕಾರರಂತೆ ಕಾಣುತ್ತಾರೆ.

ಹಳೆಯ ಮೊತ್ತಕ್ಕೆ ಇಂದಿನ ದರ ಹಾಕುವುದು ಇದಕ್ಕಿಂತ ದೊಡ್ಡ ತಪ್ಪು. 2010ರ ಡಿಸೆಂಬರ್‌ನಲ್ಲಿ ಅಹ್ಮದಿನೆಜಾದ್ ಸರ್ಕಾರ ಇಂಧನ ಮತ್ತು ರೊಟ್ಟಿಯ ಸಬ್ಸಿಡಿ ಕಡಿತಗೊಳಿಸಿ, ಅದರ ಬದಲಿಗೆ ಜನರ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಹಾಕುವ ಯೋಜನೆ ಆರಂಭಿಸಿತು. ಅದರಡಿ ಒಬ್ಬರಿಗೆ ತಿಂಗಳಿಗೆ ಸಿಗುತ್ತಿದ್ದ 45,500 ತೋಮಾನ್, ಅಂದರೆ 4,55,000 ರಿಯಾಲ್, ಆಗ ಬಡ ಕುಟುಂಬಕ್ಕೆ ಗಣನೀಯ ಹಣ. ಅಂಕಿ ಹಾಗೆಯೇ ಉಳಿಯಿತು, ಬೆಲೆ ಕರಗುತ್ತ ಹೋಯಿತು. ಮೊತ್ತದ ಪಕ್ಕದಲ್ಲಿ ವರ್ಷ ಬರೆಯದಿದ್ದರೆ ಓದುಗರಿಗೆ ಅದು ಏನನ್ನೂ ಹೇಳುವುದಿಲ್ಲ.

ಕರಾವಳಿ ಕರ್ನಾಟಕದ ಓದುಗರಿಗೆ ಇನ್ನೊಂದು ಕಾರಣದಿಂದ ಸ್ಪಷ್ಟತೆ ಬೇಕು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ರಿಯಾಲ್ ಎಂದೊಡನೆ ನೆನಪಾಗುವುದು ಸೌದಿ, ಕತಾರ್ ಅಥವಾ ಒಮಾನಿನ ಹಣ. ಅಲ್ಲಿ ಒಂದು ರಿಯಾಲ್‌ಗೆ ಹತ್ತಾರು ರೂಪಾಯಿ, ಒಮಾನಿನಲ್ಲಿ ನೂರಾರು ರೂಪಾಯಿ. ಇರಾನಿನ ಒಂದು ರಿಯಾಲ್ ಒಂದು ಪೈಸೆಗೂ ಸಾಟಿಯಲ್ಲ. ‘ಇರಾನಿ ರಿಯಾಲ್’ ಎಂದು ದೇಶದ ಹೆಸರನ್ನೂ ಸೇರಿಸಿ ಬರೆಯುವುದು ಆ ಓದುಗರಿಗಾಗಿ ಮಾಡಲೇಬೇಕಾದ ಕೆಲಸ.

ಸೊನ್ನೆ ತೆಗೆಯುವ ಕಾನೂನು

ಜನರ ಮಾತಿಗೂ ಕಾಗದದ ಅಂಕಿಗೂ ನಡುವಿನ ಈ ಅಂತರ ಇರಾನ್ ಸರ್ಕಾರಕ್ಕೂ ಗೊತ್ತು. ಇತ್ತೀಚಿನ ವರ್ಷಗಳಲ್ಲಿ ಕೇಂದ್ರ ಬ್ಯಾಂಕ್ ಹೊರತಂದ ‘ಇರಾನ್ ಚೆಕ್’ ಎಂಬ ದೊಡ್ಡ ಮೌಲ್ಯದ ನೋಟುಗಳಲ್ಲಿ ಅದು ಕಣ್ಣಿಗೇ ಕಾಣುತ್ತದೆ. 5,00,000 ರಿಯಾಲ್‌ನ ಚೆಕ್ಕಿನಲ್ಲಿ ‘50’ ಗಾಢ ಬಣ್ಣದಲ್ಲಿದ್ದು, ಅದರ ಮುಂದಿನ ನಾಲ್ಕು ಸೊನ್ನೆಗಳು ಮಸುಕಾಗಿ ಹಿಂದೆ ಸರಿದಿವೆ. ಪೇಟೆಯಲ್ಲಿ ಅದನ್ನು ‘ಐವತ್ತು ತೋಮಾನ್’ ಎಂದೇ ಕರೆಯುತ್ತಾರೆ. ಅಲ್ಲೂ ನುಂಗಿಹೋಗಿರುವುದು ಸಾವಿರ.

2020ರ ಮೇ ತಿಂಗಳಲ್ಲಿ ಸಂಸತ್ತು ನಾಲ್ಕು ಸೊನ್ನೆ ತೆಗೆದು ಹಣದ ಹೆಸರನ್ನೇ ತೋಮಾನ್ ಎಂದು ಬದಲಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಯೋಜನೆಯಲ್ಲಿ ನಾಲ್ಕು ಸೊನ್ನೆ ತೆಗೆಯುವುದು ಹಾಗೆಯೇ ಇದೆ, ಆದರೆ ಹೆಸರು ರಿಯಾಲ್ ಎಂದೇ ಉಳಿಯುತ್ತದೆ. ಇಂದಿನ 10,000 ರಿಯಾಲ್‌ಗೆ ಒಂದು ಹೊಸ ರಿಯಾಲ್. ಅದರ ನೂರನೇ ಒಂದು ಭಾಗಕ್ಕೆ ಕಿರಾನ್ ಎಂಬ ಹಳೆಯ ಹೆಸರು. ಒಂದು ಕಾಲದಲ್ಲಿ ಹತ್ತು ಕಿರಾನ್‌ಗೆ ಒಂದು ತೋಮಾನ್ ಇತ್ತು. ಈ ಲೆಕ್ಕದಲ್ಲಿ ಒಂದು ಕಿರಾನ್‌ಗೆ ಇಂದಿನ ಹತ್ತು ತೋಮಾನ್. ಹಳೆಯ ಮತ್ತು ಹೊಸ ರಿಯಾಲ್ ಕೆಲವು ವರ್ಷ ಜೊತೆಜೊತೆಗೇ ಚಲಾವಣೆಯಲ್ಲಿರುವಂತೆ ಯೋಜನೆ ಮಾಡಲಾಗಿದೆ.

ಅದು ಪೂರ್ತಿಯಾಗಿ ಜಾರಿಗೆ ಬಂದರೆ ಪಟ್ಟಿಯಲ್ಲಿ 285 ಎಂದು ಬರೆದ ಊಟಕ್ಕೆ ಕಾರ್ಡ್ ಯಂತ್ರವೂ 285 ಎಂದೇ ತೋರಿಸುತ್ತದೆ. ಆದರೆ ಅನುವಾದಕರ ಮೇಜಿನ ಮೇಲೆ ಒಂದೇ ಹೆಸರಿನ ಎರಡು ಹಣಗಳು ಇರುತ್ತವೆ. ಹಳೆಯ ಕರಾರಿನ ರಿಯಾಲ್‌ಗೂ ಹೊಸ ಚೆಕ್ಕಿನ ರಿಯಾಲ್‌ಗೂ ಹತ್ತು ಸಾವಿರ ಪಟ್ಟು ಅಂತರ. ಬಾಯಿಮಾತಿನ ತೋಮಾನ್ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ಪೇಟೆಯೇ ತೀರ್ಮಾನಿಸಬೇಕು. ಅಲ್ಲಿಯವರೆಗೆ ಇರಾನಿನ ಯಾವುದೇ ಕಾಗದವನ್ನು ಕೈಗೆತ್ತಿಕೊಂಡವರು ಮೊದಲು ಅದರ ದಿನಾಂಕ ಓದಬೇಕು. ದಿನಾಂಕ ಇರಾನಿ ಪಂಚಾಂಗದಲ್ಲಿದ್ದರೆ ಜನವರಿಯಿಂದ ಮಾರ್ಚ್ 20ರ ಸುಮಾರಿನವರೆಗೆ ಅದಕ್ಕೆ 622ನ್ನೂ ಉಳಿದ ತಿಂಗಳುಗಳಲ್ಲಿ 621ನ್ನೂ ಕೂಡಿಸಿದರೆ ನಮ್ಮ ವರ್ಷ ಸಿಗುತ್ತದೆ. ಆಮೇಲಷ್ಟೇ ಮೊತ್ತದ ಕಡೆಗೆ ನೋಡಬೇಕು.